ಒಟ್ಟು ಬೋನಸ್ಸಿನಲ್ಲಿ ಯಾರಿಗೆ ಎಷ್ಟು ಪಾಲು?
(ಸನತ್‌ನಗರದಲ್ಲಿ ಸೇರಿದ ಹೋಟೆಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಏಳನೆಯ ಇಯತ್ತೆ. ಲೆಕ್ಕ ಕಲಿತದ್ದು ಮಾತ್ರ ಶಾಲೆಯಲ್ಲಲ್ಲ, ತಟ್ಟೆ ಎತ್ತುತ್ತ ಗಲ್ಲಾದ ಪಕ್ಕದಲ್ಲಿ ನಿಂತು. ಆದುದರಿಂದ ದೊಡ್ಡ ಮಾತುಗಳನ್ನು ನನ್ನಿಂದ ನಿರೀಕ್ಷಿಸಬೇಡಿ. ಇವತ್ತು ಒಂದೇ ಒಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ.

ಕೆಲವು ಹೋಟೆಲುಗಳಲ್ಲಿ ವರ್ಷದ ಕೊನೆಗೆ ಮಾಲೀಕರು, “ಈ ವರ್ಷ ವ್ಯಾಪಾರ ಚೆನ್ನಾಗಿ ಆಯಿತು, ಈ ತಂಡಕ್ಕೆ ಇಷ್ಟು ಹಣ, ಹಂಚಿಕೊಳ್ಳಿ” ಎಂದು ಒಂದು ಮೊತ್ತ ತೆಗೆದಿಡುವ ಪದ್ಧತಿ ಇದೆ. ಇದು ಕಾಯಿದೆಯ ಬೋನಸ್ಸಲ್ಲ. ಕಾಯಿದೆಯ ಬೋನಸ್ಸು ಬೇರೆ: 1965ರ ಬೋನಸ್ ಕಾಯಿದೆ ಹಾಕಿಕೊಟ್ಟು 2019ರ ವೇತನ ಸಂಹಿತೆಯೂ ಉಳಿಸಿಕೊಂಡ ಪ್ರಕಾರ, ಸಂಬಳದ ಮಿತಿಯೊಳಗಿರುವವನು ವರ್ಷದಲ್ಲಿ 30 ದಿನ ದುಡಿದಿದ್ದರೆ ಕನಿಷ್ಠ ನೂರಕ್ಕೆ 8.33ರಂತೆ ಅವನಿಗೆ ಸಲ್ಲಬೇಕು. 20 ಜನರಿಗಿಂತ ಕಡಿಮೆ ಇರುವ ಸಣ್ಣ ಹೋಟೆಲಿಗೆ ಅದು ಸಾಮಾನ್ಯವಾಗಿ ತಗಲುವುದಿಲ್ಲ. ನಾನು ಹೇಳುತ್ತಿರುವುದು ಅದರ ಹೊರಗೆ, ಮಾತಿನ ಮೇಲೆ ಬರುವ ತಂಡದ ಹಣ. ಜಗಳ ಹುಟ್ಟುವುದೂ ಇಲ್ಲಿಯೇ. ಎಲ್ಲರಿಗೂ ಸಮನಾಗಿ ಹಂಚಿದರೆ ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸುವ ಭಟ್ಟರು ಮುಖ ತಿರುಗಿಸುತ್ತಾರೆ. ಕೆಲಸದ ತೂಕ ನೋಡಿ ಹಂಚಿದರೆ, ಮೊನ್ನೆ ಬಂದವನಿಗೂ ಇಡೀ ವರ್ಷ ದುಡಿದವನಿಗೂ ಒಂದೇ ಆಗುತ್ತದೆ. ಆದುದರಿಂದ ಎರಡನ್ನೂ ಸೇರಿಸಬೇಕು: ಕೆಲಸದ ತೂಕವನ್ನು ತಂಡದಲ್ಲಿದ್ದ ತಿಂಗಳುಗಳಿಂದ ಗುಣಿಸಬೇಕು. ಬಂದದ್ದನ್ನು ನಾನು ಅಂಶ ಎನ್ನುತ್ತೇನೆ.

ಒಂದು ಅಡಿಗೆಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಪ್ರಿಲಿನಿಂದ ಮಾರ್ಚಿಯವರೆಗೆ ಒಂದು ವರ್ಷ. ತಂಡಕ್ಕೆ ಬಂದ ಹಣ 72,000 ರೂಪಾಯಿ. ಭಟ್ಟರ ತೂಕ 4, ದೋಸೆ ಕಲ್ಲಿನವನದು 3, ಸಪ್ಲೈಯರನದು 2, ಕ್ಲೀನರನದು 1. ಭಟ್ಟರು 12 ತಿಂಗಳು ಇದ್ದರು, 48 ಅಂಶ. ದೋಸೆಯವನೂ 12 ತಿಂಗಳು, 36. ಹಳೆಯ ಸಪ್ಲೈಯರ್ 12 ತಿಂಗಳು, 24. ಅಕ್ಟೋಬರಿನಲ್ಲಿ ಸೇರಿದ ಹೊಸ ಸಪ್ಲೈಯರನಿಗೆ 6 ತಿಂಗಳಿಗೆ 12. ಆಗಲೇ ಸೇರಿದ ಹೊಸ ಕ್ಲೀನರ್ ಹುಡುಗನಿಗೆ 6. ಇನ್ನೊಬ್ಬ ಹುಡುಗ ಇದ್ದಾನೆ. ಅವನು ಮೊದಲ 6 ತಿಂಗಳು ಕ್ಲೀನರ್, ಅಕ್ಟೋಬರಿನಿಂದ ಸಪ್ಲೈಯರ್. ಅವನಿಗೆ ಎರಡು ಸಾಲು ಬರೆಯಬೇಕು: 6 ತಿಂಗಳು ತೂಕ 1ರಂತೆ 6, ಮತ್ತೆ 6 ತಿಂಗಳು ತೂಕ 2ರಂತೆ 12, ಒಟ್ಟು 18. ಎಲ್ಲ ಕೂಡಿದರೆ 144 ಅಂಶ. 72,000ವನ್ನು 144ರಿಂದ ಭಾಗಿಸಿದರೆ ಅಂಶಕ್ಕೆ 500 ರೂಪಾಯಿ. ಭಟ್ಟರಿಗೆ 24,000, ಬಡ್ತಿ ಬಂದ ಹುಡುಗನಿಗೆ 9,000, ಹೊಸ ಕ್ಲೀನರನಿಗೆ 3,000. ಆರೂ ಜನರದನ್ನು ಕೂಡಿಸಿ ನೋಡಿ, 72,000 ಸರಿಯಾಗಿ ಬರುತ್ತದೆ.

ಇಷ್ಟು ಸುಲಭವಾದ ಲೆಕ್ಕದಲ್ಲಿ ಹಣ ಎಲ್ಲಿ ಮಾಯವಾಗುತ್ತದೆ ಎಂದು ನೀವು ಕೇಳಬಹುದು. ಕೇಳಿ. ಗುಮಾಸ್ತನೊಬ್ಬ ಮಾರ್ಚಿಯ ಕೊನೆಯ ದಿನ ತಂಡವನ್ನು ನೋಡಿ ತೂಕಗಳನ್ನು ಕೂಡುತ್ತಾನೆ: 4, 3, 2, 2, 2, 1, ಒಟ್ಟು 14. 72,000ವನ್ನು 14ರಿಂದ ಭಾಗಿಸುತ್ತಾನೆ; ತೂಕ ಒಂದಕ್ಕೆ 5,142 ರೂಪಾಯಿ ಚಿಲ್ಲರೆ. ಅನಂತರ, “ನೀನು ಆರೇ ತಿಂಗಳು ಇದ್ದೆ, ನಿನಗೆ ಅರ್ಧ” ಎಂದು ಹೊಸಬರ ಪಾಲನ್ನು ಅರ್ಧಕ್ಕೆ ಇಳಿಸುತ್ತಾನೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇಳಿಸಿದ ಆ ಅರ್ಧ ಎಲ್ಲಿಗೆ ಹೋಯಿತು? ಯಾರಿಗೂ ಬರಲಿಲ್ಲ. ಹಂಚಿದ ಹಣ ಒಟ್ಟು 64,286ರ ಹತ್ತಿರ ನಿಲ್ಲುತ್ತದೆ. ಉಳಿದ 7,714 ರೂಪಾಯಿ ಗಲ್ಲಾದಲ್ಲಿಯೇ ಉಳಿಯುತ್ತದೆ. ಭಟ್ಟರಿಗೆ 24,000ದ ಬದಲು 20,571. ತಿಂಗಳುಗಳನ್ನು ಭಾಗಿಸಿದ ಮೇಲೆ ಗುಣಿಸಿದ್ದೇ ತಪ್ಪು; ಭಾಗಿಸುವ ಮೊದಲೇ ಎಲ್ಲರ ತಿಂಗಳೂ ಕೂಡುಮೊತ್ತದೊಳಗೆ ಬಂದಿರಬೇಕಾಗಿತ್ತು. ಇದು ಯಾವಾಗಲೂ ಮೋಸವೆಂದು ನಾನು ಹೇಳುವುದಿಲ್ಲ, ಎಷ್ಟೋ ಸಲ ಬರಿಯ ದಡ್ಡತನ. ಕಂಡುಹಿಡಿಯುವುದು ಹೇಗೆ? ನಿಮ್ಮ ಒಬ್ಬರ ಚೀಟಿ ನೋಡಿದರೆ ಎಂದಿಗೂ ಗೊತ್ತಾಗುವುದಿಲ್ಲ. ಎಲ್ಲರ ಚೀಟಿಗಳನ್ನು ಒಂದು ಮೇಜಿನ ಮೇಲೆ ಹಾಕಿ ಕೂಡಿಸಬೇಕು. “ಅವನಿಗೆಷ್ಟು ಬಂತೆಂದು ನಿನಗೇಕೆ?” ಎಂದು ಗದರುವ ಜಾಗದಲ್ಲಿ ಕೂಡಿಸುವುದು ಇನ್ನೂ ಅಗತ್ಯ.

ಈ ತಪ್ಪು ಲೆಕ್ಕದಲ್ಲಿ ಬಡ್ತಿ ಬಂದ ಹುಡುಗನಿಗೆ ಮಾತ್ರ ಲಾಭ. ಇಡೀ ವರ್ಷ ಸಪ್ಲೈಯರನಾಗಿದ್ದಂತೆ ಎಣಿಸಿ ಅವನಿಗೆ 10,285 ಬರುತ್ತದೆ. ಅವನು ಬಾಯಿ ಬಿಡುವುದಿಲ್ಲ, ಪಾಪ! ಇನ್ನೊಬ್ಬ ಗುಮಾಸ್ತ ಏಪ್ರಿಲಿನ ಪಟ್ಟಿಯನ್ನೇ ಹಿಡಿದು ಅವನನ್ನು ವರ್ಷವಿಡೀ ಕ್ಲೀನರ್ ಎಂದು ಬರೆದರೆ, ಉಳಿದ ಲೆಕ್ಕ ಸರಿಯಿದ್ದರೂ, ಅದೇ ಹುಡುಗನಿಗೆ 6,260 ಮಾತ್ರ. ಆದುದರಿಂದ ಕೆಲಸ ಬದಲಾದ ದಿನವನ್ನು ಹಾಜರಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಎಷ್ಟೋ ಕಡೆ ಹುಡುಗನಿಗೆ ಬಟ್ಟೆ ಬದಲಾಗುತ್ತದೆ, ಪುಸ್ತಕದಲ್ಲಿ ಹೆಸರಿನ ಮುಂದಿನ ಮಾತು ಬದಲಾಗುವುದಿಲ್ಲ.

ಇನ್ನು ಬಿಟ್ಟುಹೋದವನ ಮಾತು. ಇದನ್ನು ಹೇಳುವಾಗ ನನ್ನ ಕಥೆಯೇ ನೆನಪಾಗುತ್ತದೆ. ಒಂದು ಹೋಟೆಲಿನಲ್ಲಿ ಹನ್ನೊಂದು ತಿಂಗಳು ಸಪ್ಲೈ ಮಾಡಿದೆ. ಊರಿನಲ್ಲಿ ತಂದೆಗೆ ಕಾಯಿಲೆಯಾಗಿ ಫೆಬ್ರವರಿಯ ಕೊನೆಗೆ ಹೊರಟೆ. ಯುಗಾದಿ ಕಳೆದು ಮರಳಿ ಬಂದು ಕೇಳಿದರೆ, “ಹಂಚುವ ದಿನ ನೀನು ಇರಲಿಲ್ಲವಲ್ಲ” ಎಂದರು. ನನ್ನ ಹನ್ನೊಂದು ತಿಂಗಳ ಹಣವನ್ನು ಮಾಲೀಕರು ಇಟ್ಟುಕೊಳ್ಳಲಿಲ್ಲ. ನನ್ನ ಜೊತೆಯವರೇ ಹಂಚಿಕೊಂಡಿದ್ದರು. ಅದೇ ನನಗೆ ಹೆಚ್ಚು ನೋವಾಯಿತು. ಕಾಯಿದೆಯ ಬೋನಸ್ಸಾದರೆ ಹಂಚುವ ದಿನ ಇರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ತಂಡದ ಹಣಕ್ಕೆ ಮಾತ್ರ, ಮೊದಲೇ ಏನು ಬರೆದುಕೊಂಡಿದ್ದೇವೆಯೋ ಅದೇ ಕಾಯಿದೆ.

ನಮ್ಮ ಲೆಕ್ಕಕ್ಕೇ ಬನ್ನಿ. ಸೆಪ್ಟೆಂಬರಿನ ಕೊನೆಗೆ ಬಿಟ್ಟ ಸಪ್ಲೈಯರನೊಬ್ಬನಿದ್ದ ಎನ್ನೋಣ. ಅವನಿಗೆ 12 ಅಂಶ. ಸೇರಿಸಿದರೆ ಕೂಡುಮೊತ್ತ 156, ಅಂಶಕ್ಕೆ 461 ರೂಪಾಯಿ ಚಿಲ್ಲರೆ. ಭಟ್ಟರಿಗೆ 24,000ದಿಂದ 22,153ಕ್ಕೆ ಇಳಿಯುತ್ತದೆ. ಅಂದರೆ ಅವನನ್ನು ಸೇರಿಸಿದರೂ ಬಿಟ್ಟರೂ ಮಾಲೀಕರಿಗೆ ಒಂದು ಕಾಸೂ ವ್ಯತ್ಯಾಸವಿಲ್ಲ, ಕಡಿಮೆಯಾಗುವುದು ನಮಗೆ. ಹಾಗಿದ್ದರೂ ಸೇರಿಸಬೇಕೆಂದೇ ನನ್ನ ಅಭಿಪ್ರಾಯ. ಆ ಆರು ತಿಂಗಳ ವ್ಯಾಪಾರದಲ್ಲಿ ಅವನ ಕೈಯೂ ಇತ್ತು. ಒಪ್ಪದವರು ಈ ಸಭೆಯಲ್ಲಿಯೇ ಇದ್ದಾರೆಂದು ಬಲ್ಲೆ.

ತೂಕದ ಜಗಳವೂ ಇದೇ ಬಗೆಯದು. ಕ್ಲೀನರನ ತೂಕ 1 ಸಾಲದು, ಒಂದೂವರೆ ಮಾಡಿ ಎಂದು ಹಲವರು ಕೇಳುತ್ತಾರೆ. ಮಾಡಿದರೆ ಆರು ಜನರ ಅಂಶ 144 ಹೋಗಿ 150 ಆಗುತ್ತದೆ, ಅಂಶಕ್ಕೆ 480. ಹೊಸ ಕ್ಲೀನರನಿಗೆ 3,000ದ ಬದಲು 4,320. ಭಟ್ಟರಿಗೆ 960 ಕಡಿಮೆ. ಕೊಡುವವರು ಭಟ್ಟರು ಮತ್ತು ಜೊತೆಯವರು. ಆದುದರಿಂದ ತೂಕವನ್ನು ಏಪ್ರಿಲಿನಲ್ಲಿ, ಹಣ ಎಷ್ಟೆಂದು ಯಾರಿಗೂ ತಿಳಿಯದಿರುವಾಗ, ಭಟ್ಟರೂ ಕ್ಲೀನರನೂ ಒಟ್ಟಿಗೆ ಕುಳಿತು ಗೊತ್ತುಮಾಡಬೇಕು. ಮಾರ್ಚಿಯಲ್ಲಿ ಗೊತ್ತುಮಾಡಿದ ತೂಕ ಮನುಷ್ಯರ ಮುಖ ನೋಡಿ ಹಾಕಿದ ತೂಕವಾಗುತ್ತದೆ. ಮಾಲೀಕರೊಡನೆ ಮಾತಾಡಬೇಕಾದದ್ದು 72,000 ಹೇಗೆ ಬಂತು, 80,000 ಏಕಲ್ಲ ಎಂಬುದನ್ನು. ಒಳಗಿನ ಜಗಳದಲ್ಲಿ ಆ ಪ್ರಶ್ನೆಯನ್ನು ನಾವು ಮರೆತೇಬಿಡುತ್ತೇವೆ.

ರಜೆಯ ವಿಷಯ ಒಂದು ಮಾತು. ಸಂಬಳದ ರಜೆ, ಹೆರಿಗೆ ರಜೆ, ಕೆಲಸದಲ್ಲಿ ಎಣ್ಣೆ ಸಿಡಿದು ಮಲಗಿದ ದಿನ, ಇವನ್ನೆಲ್ಲ ದುಡಿದ ದಿನವೆಂದೇ 1965ರ ಕಾಯಿದೆ ಎಣಿಸಿತು. ನಮ್ಮ ತಂಡದ ತಿಂಗಳನ್ನೂ ಹಾಗೆಯೇ ಎಣಿಸಿರಿ. ಅರ್ಧ ತಿಂಗಳಿದ್ದರೆ ಅರ್ಧವೆಂದೇ ಬರೆಯಿರಿ, ಪೂರ್ತಿ ಹೊಡೆದುಹಾಕಬೇಡಿ.

ಈಗ ಪ್ರತಿ ಹೋಟೆಲಿನಿಂದ ಒಬ್ಬರು ಮುಂದೆ ಬನ್ನಿ, ಖಾಲಿ ಹಾಳೆ ತಂದಿದ್ದೇನೆ. ಹೆಸರು, ಕೆಲಸ, ಸೇರಿದ ದಿನ, ಕೆಲಸ ಬದಲಾದ ದಿನ, ಬಿಟ್ಟ ದಿನ, ಇಷ್ಟೇ ಮನೆಗಳು. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ.