ಪಾಸ್‌ಬುಕ್‌ನಲ್ಲಿ 65,382, ನಮ್ಮ ಬುಕ್‌ನಲ್ಲಿ 52,000: ಯಾವುದು ನಿಜ?

ಇವತ್ತು ನೇರ ಲೆಕ್ಕಕ್ಕೇ ಬರೋಣ.

ಯಾದಗಿರಿ ಹತ್ತಿರದ ಮುದನಾಳದಾಗ ಒಂದು ಬೀಜ-ಗೊಬ್ಬರದ ಅಂಗಡಿ ಅದ ಅಂತ ಅಂದ್ಕೊಳ್ರಿ. ಮಾರ್ಚ್ 31ರ ರಾತ್ರಿ ಮಾಲೀಕರ ಕ್ಯಾಶ್ ಬುಕ್ ಪ್ರಕಾರ ಬ್ಯಾಂಕಿನಲ್ಲಿ 52,000 ರೂಪಾಯಿ ಇರಬೇಕು. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ 65,382! 13,382 ಹೆಚ್ಚು. ಖುಷಿಪಡಬೇಡ್ರಿ, ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಎಂಟ್ರಿಗಳಿಗೆ ಟಿಕ್ ಹಾಕ್ತಾ ಹೋಗಿ. ಟಿಕ್ ಬೀಳದೆ ಉಳಿದದ್ದರಲ್ಲೇ ಉತ್ತರ ಇರುತ್ತೆ.

ಇಲ್ಲಿ ಉಳಿದದ್ದು ನಾಲ್ಕು. ಗ್ರಾಹಕರೊಬ್ಬರು ಯುಪಿಐನಲ್ಲಿ ಹಾಕಿದ 3,000, ಗದ್ದಲದಾಗ ಬರೆದಿಲ್ಲ. ಬ್ಯಾಂಕ್ ಕಡಿದುಕೊಂಡ ಶುಲ್ಕ 100, ಅದರ ಮೇಲೆ ಜಿಎಸ್‌ಟಿ 18, ಒಟ್ಟು 118. ಈ ಎರಡು ಆಗಿ ಮುಗಿದ ವ್ಯವಹಾರ, ನಮಗಷ್ಟೇ ಗೊತ್ತಿರಲಿಲ್ಲ. ಇವನ್ನು ಕ್ಯಾಶ್ ಬುಕ್‌ಗೆ ಬರೆಯಲೇಬೇಕು. ಆಗ 52,000 ಹೋಗಿ 54,882 ಆಗುತ್ತೆ.

ಉಳಿದ ಎರಡು ಬೇರೆ ಜಾತಿಯವು. ಬೀಜದ ಡೀಲರ್‌ಗೆ ಕೊಟ್ಟ 18,000ದ ಚೆಕ್ ಅನ್ನು ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. 31ರ ಸಂಜೆ ನಾವು ಹಾಕಿದ 7,500ರ ಚೆಕ್ ಇನ್ನೂ ಪಾಸ್ ಆಗಿಲ್ಲ. ನಾವು ಬರೆದಾಗಿದೆ, ಬ್ಯಾಂಕ್ ಬರೆದಿಲ್ಲ, ಅಷ್ಟೇ. ಕ್ಯಾಶ್ ಬುಕ್ ಮುಟ್ಟಬೇಡಿ. ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್, ಅಂದ್ರೆ ಬಿಆರ್‌ಎಸ್‌ನಲ್ಲಿ ಮಾತ್ರ ತೋರಿಸಿ:

54,882 + 18,000 − 7,500 = 65,382

ಕೂಡಿತಲ್ಲ? ಕಾಲೇಜಿನಲ್ಲಿ ನಾವು ಪ್ಲಸ್-ಮೈನಸ್ ಬಾಯಿಪಾಠ ಮಾಡ್ತಿದ್ವಿ, ಬೇಕಾಗಿಲ್ಲ. ಪ್ರತಿ ಎಂಟ್ರಿಗೂ ಒಂದೇ ಪ್ರಶ್ನೆ ಕೇಳಿ: ಇದರಿಂದ ಪಾಸ್‌ಬುಕ್ ಹೆಚ್ಚು ತೋರಿಸ್ತಿದೆಯಾ, ಕಮ್ಮಿನಾ? ಹೆಚ್ಚಾದರೆ ಕೂಡಿ, ಕಮ್ಮಿಯಾದರೆ ಕಳೆಯಿರಿ.

ಈಗ ಅಪಾಯ ಎಲ್ಲಿದೆ ನೋಡ್ರಿ. ಮೊಬೈಲ್‌ನಾಗ 65,382 ಕಂಡು ಮಾಲೀಕರು ಗೊಬ್ಬರದ ಲೋಡ್‌ಗೆ 60,000 ಕಳಿಸಿಬಿಟ್ರು ಅನ್ನಿ. ಉಳಿಯೋದು 5,382. ಆ 7,500 ಬಂದು ಸೇರಿದರೂ 12,882. ಡೀಲರ್ 18,000ದ ಚೆಕ್ ಹಾಕಿದರೆ ಬೌನ್ಸ್! ಬೌನ್ಸ್ ಶುಲ್ಕ ಒಂದು ಕಡೆ. ನೋಟಿಸ್ ಬಂದ 15 ದಿನದೊಳಗೆ ಹಣ ಕೊಡದಿದ್ದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೇಸಿಗೂ ದಾರಿ ಆಗುತ್ತೆ.

ಇನ್ನೊಂದು. ಅದೇ 18,000ದ ಚೆಕ್ ತಿಂಗಳು ತಿಂಗಳೂ ಬಿಆರ್‌ಎಸ್‌ನಲ್ಲಿ ಕೂತೇ ಇದ್ದರೆ ಡೀಲರ್‌ಗೆ ಫೋನ್ ಹಚ್ಚಿ ಕೇಳಿ, ಚೆಕ್ ಕಳೆದಿರಬಹುದು. ಚೆಕ್ ಮೇಲಿನ ತಾರೀಖಿನಿಂದ ಮೂರು ತಿಂಗಳು ದಾಟಿದರೆ ಅದು ನಡೆಯಲ್ಲ. ಆಗ ಕ್ಯಾಶ್ ಬುಕ್‌ನಲ್ಲಿ ಆ ಎಂಟ್ರಿ ತಿರುಗಿಸಿ ಬರೆದು, ಡೀಲರ್‌ಗೆ 18,000 ಬಾಕಿ ಅಂತ ಮತ್ತೆ ತೋರಿಸಬೇಕು. ಚೆಕ್ ಸತ್ತರೂ ಸಾಲ ಸತ್ತಿಲ್ಲ.