ಇಂಬಳದ ಕಾಡಿಗೆ ಯಾವ ಶೂ, ಯಾವ ಸಾಕ್ಸ್?

ಮಳೆಗಾಲದಲ್ಲಿ ಕೊಡಚಾದ್ರಿ ಹತ್ತಬೇಕು ಅಂತಿರೋರಿಗೆ, ಅದರಲ್ಲೂ ಹಿಡ್ಲುಮನೆ ಜಲಪಾತದ ಕಾಡುದಾರಿ ಹಿಡಿಯೋರಿಗೆ ಇವತ್ತಿನ ಮಾತು.

ಮೊದಲ ಸಲ ನಾನು ಹೋದಾಗ ದುಬಾರಿ ವಾಟರ್‌ಪ್ರೂಫ್ ಶೂ, ಮಾಮೂಲಿ ಸ್ಪೋರ್ಟ್ಸ್ ಸಾಕ್ಸ್, ಮೇಲೆ ಮೊಣಕಾಲವರೆಗೆ ಗೇಟರ್ ಕಟ್ಟಿದ್ದೆ. ಮೊದಲ ಹಳ್ಳ ದಾಟುವಾಗಲೇ ಶೂ ಬಾಯಿಂದ ನೀರು ಇಳೀತು. ಹೊರಗಿನ ನೀರನ್ನು ಒಳಗೆ ಬಿಡದ ಶೂ, ಒಳಗಿನ ನೀರನ್ನೂ ಹೊರಗೆ ಬಿಡಲ್ಲ. ದಿನವಿಡೀ ಪಚಪಚ. ಸಂಜೆ ಸಾಕ್ಸ್ ತೆಗೆದರೆ ಒಂದೇ ಕಾಲಲ್ಲಿ ಏಳು ಇಂಬಳ!

ಗೇಟರ್ ಇತ್ತಲ್ಲ, ಎಲ್ಲಿಂದ ಬಂದ್ವು? ಗೇಟರ್ ತಡೆಯೋದು ಕೆಸರು, ಮುಳ್ಳು. ಅದರ ಕೆಳ ಅಂಚಿಗೂ ಶೂಗೂ ಮಧ್ಯೆ ಸಂದಿ ಇರುತ್ತೆ. ಹಸಿದ ಇಂಬಳ ದಾರದಷ್ಟು ಸಣ್ಣ, ಅಲ್ಲಿಂದಲೇ ನುಸುಳುತ್ತೆ. ಹೆಣಿಗೆಯ ಸಾಕ್ಸ್ ಕಾಲಿಗೆ ಹಾಕಿದಾಗ ಹಿಗ್ಗಿ ಕಣ್ಣು ಬಿಡುತ್ತೆ, ಅದರ ಮೂಲಕವೇ ಕಚ್ಚುತ್ತೆ.

ಈಗ ನಾನು ಹಾಕೋದು ಹೀಗೆ. ಒಳಗೆ ತೆಳು ಸಿಂಥೆಟಿಕ್ ಸಾಕ್ಸ್; ಕಾಟನ್ ಬೇಡ, ನೀರು ಹಿಡಿದಿಟ್ಟುಕೊಳ್ಳುತ್ತೆ. ಅದರ ಮೇಲೆ, ಪ್ಯಾಂಟಿನ ಕಾಲನ್ನು ಒಳಗೆ ಸೇರಿಸಿ, ಒತ್ತಾಗಿ ನೇಯ್ದ ಬಟ್ಟೆಯ ಲೀಚ್ ಸಾಕ್ಸ್. ಪಾದದಿಂದ ಮೊಣಕಾಲವರೆಗೂ ಒಂದೇ ಚೀಲ, ಮೇಲೆ ಲಾಡಿ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ತೂತು ಕಂಡರೆ ವಾಪಸ್ ಕೊಡಿ. ಬಿಳಿ ಬಣ್ಣದ್ದೇ ತಗೊಳ್ಳಿ, ಹತ್ತುತ್ತಿರೋ ಇಂಬಳ ಕಾಣುತ್ತೆ. ಕಾಣಲೇಬೇಕು, ಯಾಕಂದ್ರೆ ಅದು ಸಾಯಲ್ಲ, ಲಾಡಿ ದಾಟಿ ತೊಡೆಗೂ ಹೋಗುತ್ತೆ. ನಿಂತಾಗೆಲ್ಲ ಕೆಳಗೆ ನೋಡಿ, ಕಿತ್ತು ಹಾಕ್ತಾ ಇರಬೇಕು.

ಶೂ? ಆಳವಾದ ಹಲ್ಲಿನ ಅಡಿ ಇರೋ, ಜಾಲರಿ ಬಟ್ಟೆಯದು. ನೀರು ಬರುತ್ತೆ, ನಾಲ್ಕು ಹೆಜ್ಜೆಗೆ ಹೋಗುತ್ತೆ. ಎರಡೂ ಸಾಕ್ಸ್ ಹಾಕಿಕೊಂಡೇ ಅಂಗಡೀಲಿ ಅಳತೆ ನೋಡಿ. ಬೆರಳು ಮುಂದೆ ತಾಗಿದರೆ ಇಳಿಜಾರಿನಲ್ಲಿ ಉಗುರು ಹೋಗುತ್ತೆ.

ಇನ್ನು ರಾತ್ರಿ. ಅವತ್ತು ಉಳಿದ ಮನೆಯ ಬಚ್ಚಲೊಲೆ ಪಕ್ಕ ಶೂ ಇಟ್ಟು ಮಲಗಿದೆ. ಬೆಳಿಗ್ಗೆ ಅಂಟು ಬಿಟ್ಟು ಅಡಿ ಬಾಯಿ ತೆರೆದಿತ್ತು. ಲೇಸಿನಿಂದ ಸುತ್ತಿ ಕಟ್ಟಿ, ಕುಂಟ್ತಾ ಇಳಿದೆ. ಈಗ ಒಲೆಯಿಂದ ದೂರ, ಒಳಗಿನ ಇನ್‌ಸೋಲ್ ಹೊರಗೆ ತೆಗೆದು, ಶೂ ತುಂಬ ಹಳೇ ಪೇಪರ್ ತುರುಕ್ತೀನಿ. ಊಟ ಆದ ಮೇಲೆ ಆ ಪೇಪರ್ ಮುದ್ದೆಯಾಗಿರುತ್ತೆ, ಬದಲಿಸ್ತೀನಿ. ಮಲಗೋ ಮುಂಚೆ ಇನ್ನೊಂದು ಸಲ. ಸಾಕ್ಸನ್ನು ಒಣ ಟವಲ್ಲಿನಲ್ಲಿ ಸುತ್ತಿ, ಮೇಲೆ ನಿಂತು ತುಳಿದು, ಆಮೇಲೆ ಹರವಬೇಕು. ಇಷ್ಟು ಮಾಡಿದ್ರೂ ಮಲೆನಾಡಿನ ಜುಲೈನಲ್ಲಿ ಪೂರ್ತಿ ಒಣಗಲ್ಲ, ನೀರು ಸೋರದಷ್ಟು ಆದರೆ ಸಾಕು.

ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೊತೆ ಒಣ ಸಾಕ್ಸ್ ಮಲಗೋಕೆ ಮಾತ್ರ. ರಾತ್ರಿಯಿಡೀ ಒಣಗಿದ್ರೆ ನೆನೆದು ಬಿಳಿಚಿಕೊಂಡ ಪಾದದ ಚರ್ಮ ಗಟ್ಟಿಯಾಗುತ್ತೆ, ಬೊಬ್ಬೆ ಏಳೋದು ಕಡಿಮೆ. ಬೆಳಿಗ್ಗೆ ಅದನ್ನೇ ಹಾಕ್ಕೊಂಡು ಹೊರಡೋಣ ಅನ್ಸುತ್ತೆ. ಬೇಡ. ಹತ್ತು ನಿಮಿಷಕ್ಕೆ ಅದೂ ಒದ್ದೆ, ಎರಡನೇ ರಾತ್ರಿಗೆ ಏನೂ ಉಳಿಯಲ್ಲ. ಹಲ್ಲು ಕಚ್ಚಿಕೊಂಡು ನಿನ್ನೆಯ ತಣ್ಣನೆ ಸಾಕ್ಸನ್ನೇ ಏರಿಸಿ.