ಗಾಡಿ ನಂಬರ್ ಸಿಗದಿದ್ದರೂ ಪರಿಹಾರವಿದೆ



ಮಂಜು ಮುಸುಕಿದ ಬೆಳಗ್ಗೆ ಕೊಟ್ಟಿಗೆಹಾರದ ಬಳಿ ತೋಟದ ಕೆಲಸಕ್ಕೆ ನಡೆದು ಹೊರಟವರೊಬ್ಬರಿಗೆ ಪಿಕಪ್ ಗುದ್ದಿ, ನಿಲ್ಲಿಸದೆ ಹೋಯಿತು ಎಂದಿಟ್ಟುಕೊಳ್ಳಿ. ಕಾಲಿನ ಮೂಳೆ ಮುರಿಯಿತು. ‘ನಂಬರೇ ಗೊತ್ತಿಲ್ಲ, ಯಾರ ಮೇಲೆ ಕಂಪ್ಲೇಂಟ್ ಕೊಡೋದು?’ ಎಂದು ಮನೆಯವರು ಸುಮ್ಮನಾದರೆ ಪರಿಹಾರ ಅಲ್ಲೇ ಕೈತಪ್ಪುತ್ತದೆ.

ನಂಬರ್ ಇಲ್ಲದಿದ್ದರೂ ‘ಅಪರಿಚಿತ ವಾಹನ’ ಎಂದು ಎಫ್‌ಐಆರ್ ಆಗುತ್ತದೆ. ಗುದ್ದಿದ ಗಾಡಿ ಪತ್ತೆಯಾಗದವರಿಗೆಂದೇ 2022ರ ಏಪ್ರಿಲ್ 1ರಿಂದ ಕೇಂದ್ರದ ಯೋಜನೆ ಜಾರಿಯಲ್ಲಿದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಮೂಳೆ ಮುರಿತ ತೀವ್ರ ಗಾಯವೇ.

ಆಸ್ಪತ್ರೆಯಲ್ಲಿ ‘ಜಾರಿ ಬಿದ್ದೆ’ ಎನ್ನಬೇಡಿ, ಗಾಡಿ ಗುದ್ದಿತೆಂದೇ ಬರೆಸಿ. ಎಫ್‌ಐಆರ್ ಪ್ರತಿ, ಚಿಕಿತ್ಸೆಯ ಕಾಗದ, ಪಾಸ್‌ಬುಕ್ ಪ್ರತಿಯೊಂದಿಗೆ ಅಪಘಾತವಾದ ತಾಲ್ಲೂಕಿನ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಿ. ವಿಚಾರಣೆಯ ವರದಿ ನೋಡಿ ಜಿಲ್ಲಾಧಿಕಾರಿಗಳು ಮಂಜೂರು ಮಾಡುತ್ತಾರೆ, ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಪೊಲೀಸರೇ ಈ ಯೋಜನೆಯ ವಿಷಯವನ್ನು ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದೆ.

ಮುಂದೆ ಗಾಡಿ ಸಿಕ್ಕರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪೂರ್ಣ ಪರಿಹಾರ ಕೇಳಬಹುದು, ಈಗ ಪಡೆದ ಹಣ ಅದರಲ್ಲಿ ವಜಾ ಆಗುತ್ತದೆ.

ಕಂಡವರು ಪೊಲೀಸರಿಗೆ ಫೋನ್ ಮಾಡಿ. ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.